ಹನ್ನೆರಡು ಕಂತು, ಹನ್ನೆರಡು ಬಿಡುಗಡೆ ದಿನ

ಮಗಳ ಕಾಲೇಜು ಶುಲ್ಕ ಕಟ್ಟಲು ಹಣ ಬೇಕಾಗಿತ್ತು. ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಪಾಠ ಹೇಳುವ ಶಿಕ್ಷಕಿಯೊಬ್ಬರು 2025ರ ಜೂನ್ ಮೊದಲ ವಾರ ಮೊಬೈಲಿನಲ್ಲಿ ತಮ್ಮ ತೆರಿಗೆ ಉಳಿತಾಯ ಫಂಡಿನ ಖಾತೆ ತೆರೆದರು ಎಂದುಕೊಳ್ಳೋಣ. 2022ರ ಏಪ್ರಿಲ್‌ನಿಂದ ಒಂದು ವರ್ಷ, ತಿಂಗಳಿಗೆ 5,000 ರೂಪಾಯಿಯಂತೆ ಅವರು ಕಟ್ಟಿದ್ದು 60,000. ಮೂರು ವರ್ಷ ದಾಟಿತು, ಮೌಲ್ಯವೂ ಬೆಳೆದಿದೆ, 40,000 ತೆಗೆದರೆ ಸಾಕು ಎಂಬುದು ಅವರ ಲೆಕ್ಕ. ಆದರೆ ಮೊತ್ತ ತುಂಬಿದ ಕೂಡಲೇ ಅಷ್ಟು ಹಣ ಹಿಂಪಡೆಯಲು ಲಭ್ಯವಿಲ್ಲ ಎಂಬ ಸಂದೇಶ ಬಂತು. ಒಟ್ಟು ಯೂನಿಟ್‌ಗಳಲ್ಲಿ ಕಾಲು ಭಾಗವೂ ಬಿಡುಗಡೆಯಾಗಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ಪರದೆ ನೋಡಿ ಹೇಳಿದ್ದು ಒಂದೇ ಮಾತು: “ಮೇಡಂ, ನೀವು ಆರ್‌ಡಿ ಲೆಕ್ಕ ಹಾಕೀರಿ. ಇದು ಆರ್‌ಡಿ ಅಲ್ಲ.”

ಗೊಂದಲದ ಬೇರು ಇರುವುದು ಅಲ್ಲೇ. ಬ್ಯಾಂಕಿನಲ್ಲಾಗಲಿ ಅಂಚೆ ಕಚೇರಿಯಲ್ಲಾಗಲಿ ಆರ್‌ಡಿ ಕಟ್ಟಿದವರಿಗೆ ಒಂದು ಅಭ್ಯಾಸ ಆಗಿರುತ್ತದೆ. ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಯಲ್ಲಿ 60 ಕಂತು. ಮೊದಲ ಕಂತು ಐದು ವರ್ಷ ಕೂತಿರುತ್ತದೆ, ಕೊನೆಯದು ಒಂದೇ ತಿಂಗಳು. ಆದರೂ ಎಲ್ಲವೂ ಒಂದೇ ದಿನ ಕೈಗೆ ಬರುತ್ತವೆ, ಏಕೆಂದರೆ ಅಲ್ಲಿ ಅವಧಿ ಇರುವುದು ಖಾತೆಗೆ. ತೆರಿಗೆ ಉಳಿತಾಯದ ಮ್ಯೂಚುವಲ್ ಫಂಡಿನಲ್ಲಿ ಅವಧಿ ಇರುವುದು ಕಂತಿಗೆ. ತಿಂಗಳ ಕಂತು, ಅಂದರೆ ಎಸ್‌ಐಪಿ, ಹಣ ಕಟ್ಟುವ ಒಂದು ಅನುಕೂಲ ಅಷ್ಟೆ. ನಿಯಮದ ಕಣ್ಣಿಗೆ ಪ್ರತಿ ಕಂತೂ ಬೇರೆಯೇ ಖರೀದಿ, ಪ್ರತಿಯೊಂದಕ್ಕೂ ತನ್ನದೇ ಮೂರು ವರ್ಷದ ಬೀಗ.

ಈ ಫಂಡುಗಳ ಪೂರ್ಣ ಹೆಸರು ಈಕ್ವಿಟಿ ಲಿಂಕ್ಡ್ ಸೇವಿಂಗ್ಸ್ ಸ್ಕೀಮ್, ಚಿಕ್ಕದಾಗಿ ಇಎಲ್‌ಎಸ್‌ಎಸ್. ಹಣದ ಕನಿಷ್ಠ ಶೇ 80 ಭಾಗ ಷೇರುಗಳಲ್ಲಿರಬೇಕು. ಹಳೆಯ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ, 80ಸಿ ಎಂದು ಎಲ್ಲರ ಬಾಯಲ್ಲಿರುವ ಒಂದೂವರೆ ಲಕ್ಷದ ಮಿತಿಯೊಳಗೆ ಇದರ ಮೇಲೆ ವಿನಾಯಿತಿ ಸಿಗುತ್ತದೆ. ಹೊಸ ಪದ್ಧತಿಗೆ ಹೋದವರಿಗೆ ಆ ವಿನಾಯಿತಿ ಇಲ್ಲ, ಆದರೆ ಬೀಗ ಮಾತ್ರ ಹಾಗೆಯೇ ಇರುತ್ತದೆ. 2005ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಯೋಜನೆಯ ನಿಯಮ ಮೂರು ವರ್ಷವನ್ನು ಎಣಿಸುವುದು ಯೂನಿಟ್ ಹಂಚಿಕೆಯಾದ ದಿನದಿಂದ. ಎಸ್‌ಐಪಿ ಅರ್ಜಿಗೆ ಸಹಿ ಹಾಕಿದ ದಿನವಾಗಲಿ, ಬ್ಯಾಂಕಿನಿಂದ ಹಣ ಕಡಿತವಾದ ದಿನವಾಗಲಿ, ಕಂತಿನ ತಾರೀಖು ಎಂದು ಆಯ್ದುಕೊಂಡ ದಿನವಾಗಲಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬಿಡುಗಡೆ ದಿನ ಹುಡುಕುವ ಕೆಲಸದಲ್ಲಿ ಅರ್ಧ ಭಾಗ ಎಂದರೆ ಈ ಹಂಚಿಕೆ ದಿನವನ್ನು ಸರಿಯಾಗಿ ಹಿಡಿಯುವುದು.

ಕಂತಿನ ತಾರೀಖಿಗೂ ಹಂಚಿಕೆ ದಿನಕ್ಕೂ ವ್ಯತ್ಯಾಸ ಬರಲು ಮುಖ್ಯವಾಗಿ ಎರಡು ಕಾರಣ. ಮೊದಲನೆಯದು ರಜೆ. ಶಿಕ್ಷಕಿ ಆರಿಸಿಕೊಂಡಿದ್ದು ಪ್ರತಿ ತಿಂಗಳ 5ನೇ ತಾರೀಖು. 2022ರ ಜೂನ್ 5 ಭಾನುವಾರ, ಹಾಗಾಗಿ ಆ ಕಂತು ಸೋಮವಾರ 6ಕ್ಕೆ ಸರಿಯಿತು. ಅಕ್ಟೋಬರ್ 5ರಂದು ವಿಜಯದಶಮಿ, ಷೇರುಪೇಟೆ ಮುಚ್ಚಿತ್ತು. ಆ ಕಂತು 6ಕ್ಕೆ ಹೋಯಿತು. ನವೆಂಬರ್ 5 ಶನಿವಾರವಾದ್ದರಿಂದ 7ರವರೆಗೆ ಕಾಯಬೇಕಾಯಿತು. 2023ರ ಫೆಬ್ರುವರಿ 5 ಮತ್ತು ಮಾರ್ಚ್ 5 ಎರಡೂ ಭಾನುವಾರ. ಹೀಗೆ ಹನ್ನೆರಡು ಕಂತುಗಳಲ್ಲಿ ಐದು ತಮ್ಮ ತಾರೀಖಿನಿಂದ ಜಾರಿದವು.

ಎರಡನೆಯ ಕಾರಣ ಹಣದ ಪ್ರಯಾಣ. 2021ರ ಫೆಬ್ರುವರಿ 1ರಿಂದ ಸೆಬಿ ನಿಯಮ ಬದಲಾಯಿತು. ಹಣ ಫಂಡಿನ ಖಾತೆಗೆ ತಲುಪಿ ಬಳಕೆಗೆ ಸಿಕ್ಕ ದಿನದ ಎನ್‌ಎವಿಗೇ, ಅಂದರೆ ಯೂನಿಟ್‌ನ ಆ ದಿನದ ಬೆಲೆಗೇ ಯೂನಿಟ್ ಕೊಡಬೇಕು. ಖಾತೆಯಿಂದ 5ನೇ ತಾರೀಖಿಗೆ ಹಣ ಹೋದರೂ ಫಂಡಿಗೆ ಅದು ತಲುಪುವಷ್ಟರಲ್ಲಿ ಆ ದಿನದ ಗಡುವು ದಾಟಿದ್ದರೆ, ಮುಂದಿನ ಕೆಲಸದ ದಿನದ ಬೆಲೆ, ಮುಂದಿನ ಕೆಲಸದ ದಿನದ ತಾರೀಖು. ಬ್ಯಾಂಕ್ ಪಾಸ್‌ಬುಕ್ ನೋಡಿ ಲೆಕ್ಕ ಹಾಕಿದವರು ಒಂದೆರಡು ದಿನ ತಪ್ಪುವುದು ಹೀಗೆ.

ಹಾಗಾದರೆ ಸರಿಯಾದ ತಾರೀಖು ಎಲ್ಲಿ ಸಿಗುತ್ತದೆ? ಫಂಡಿನ ಖಾತೆ ಸ್ಟೇಟ್‌ಮೆಂಟ್‌ನಲ್ಲಿ. ದೇಶದ ಮ್ಯೂಚುವಲ್ ಫಂಡುಗಳ ಲೆಕ್ಕ ಇಡುವ ಎರಡು ದೊಡ್ಡ ಸಂಸ್ಥೆಗಳು ಕ್ಯಾಮ್ಸ್ ಮತ್ತು ಕೆಫಿನ್‌ಟೆಕ್. ಇವೆರಡರ ಜಾಲತಾಣದಲ್ಲೂ ಇಮೇಲ್ ಮತ್ತು ಪ್ಯಾನ್ ಕೊಟ್ಟು ಒಟ್ಟು ಸ್ಟೇಟ್‌ಮೆಂಟ್ ತರಿಸಿಕೊಳ್ಳಬಹುದು. ಕೇಳುವಾಗ ಸಾರಾಂಶ ಬೇಡ, ವಿವರ ಬೇಕು ಎಂದು ಆರಿಸಬೇಕು. ಅವಧಿಯನ್ನು ಮೊದಲ ಕಂತಿಗಿಂತ ಹಿಂದಿನಿಂದ ಕೊಡಬೇಕು. ಸಾರಾಂಶದಲ್ಲಿ ಒಟ್ಟು ಯೂನಿಟ್ ಮತ್ತು ಇಂದಿನ ಮೌಲ್ಯ ಮಾತ್ರ ಇರುತ್ತದೆ, ಕಂತುಗಳ ತಾರೀಖು ಇರುವುದಿಲ್ಲ.

ವಿವರದ ಸ್ಟೇಟ್‌ಮೆಂಟ್ ತೆರೆದರೆ ಪ್ರತಿ ಕಂತಿಗೆ ಒಂದು ಸಾಲು: ತಾರೀಖು, ವ್ಯವಹಾರದ ಹೆಸರು, ಮೊತ್ತ, ಯೂನಿಟ್, ಬೆಲೆ, ಒಟ್ಟು ಯೂನಿಟ್. ಅದರ ಕೆಳಗೇ `*** Stamp Duty ***` ಎಂಬ ಇನ್ನೊಂದು ಸಾಲು ಬರುತ್ತದೆ. 2020ರ ಜುಲೈ 1ರಿಂದ ಪ್ರತಿ ಖರೀದಿಗೂ ಶೇ 0.005ರಷ್ಟು ಮುದ್ರಾಂಕ ಶುಲ್ಕ ಇದೆ. 5,000 ರೂಪಾಯಿಗೆ 25 ಪೈಸೆ. ಆ ಸಾಲಿನಲ್ಲಿ ಯೂನಿಟ್ ಇರುವುದಿಲ್ಲ, ಪಟ್ಟಿಗೆ ಸೇರಿಸಿಕೊಳ್ಳಬೇಕಾಗಿಲ್ಲ. ಬ್ಯಾಂಕ್ ಖಾತೆಯಲ್ಲಿ ಹಣ ಸಾಲದೆ ವಾಪಸ್ಸಾದ ಕಂತು ಕೆಲವೊಮ್ಮೆ ಎರಡು ಸಾಲಾಗಿ ಕಾಣುತ್ತದೆ: ಒಮ್ಮೆ ಖರೀದಿ, ಮತ್ತೊಮ್ಮೆ ಅಷ್ಟೇ ಯೂನಿಟ್ ಮೈನಸ್ ಗುರುತಿನೊಂದಿಗೆ. ಅಂಥ ಜೋಡಿಯನ್ನು ಎರಡನ್ನೂ ಬಿಟ್ಟುಬಿಡಬೇಕು. ಉಳಿದ ಸಾಲುಗಳ ಯೂನಿಟ್ ಕೂಡಿಸಿದಾಗ, ನಡುವೆ ಏನನ್ನೂ ಮಾರಿಲ್ಲದಿದ್ದರೆ, ಸ್ಟೇಟ್‌ಮೆಂಟ್‌ನ ಕೊನೆಯ ಒಟ್ಟು ಯೂನಿಟ್‌ಗೆ ಸರಿಯಾಗಿ ಹೊಂದಬೇಕು. ಹೊಂದದಿದ್ದರೆ ಯಾವುದೋ ಸಾಲು ಬಿಟ್ಟುಹೋಗಿದೆ ಅಥವಾ ಎರಡು ಸಲ ಬಂದಿದೆ.

ಶಿಕ್ಷಕಿಯ ಹನ್ನೆರಡು ಸಾಲುಗಳಲ್ಲಿ ಮೊದಲ ಏಳನ್ನು ಹೀಗೆ ಬರೆಯಬಹುದು.

| ಕಂತಿನ ತಾರೀಖು | ಹಂಚಿಕೆ ದಿನ | ಮೂರು ವರ್ಷ ತುಂಬುವ ದಿನ | ಮೊದಲ ಕೆಲಸದ ದಿನ |
|---|---|---|---|
| 5 ಏಪ್ರಿಲ್ 2022 | 5 ಏಪ್ರಿಲ್ 2022 | 5 ಏಪ್ರಿಲ್ 2025, ಶನಿ | 7 ಏಪ್ರಿಲ್ 2025 |
| 5 ಮೇ 2022 | 5 ಮೇ 2022 | 5 ಮೇ 2025, ಸೋಮ | 5 ಮೇ 2025 |
| 5 ಜೂನ್ 2022 | 6 ಜೂನ್ 2022 | 6 ಜೂನ್ 2025, ಶುಕ್ರ | 6 ಜೂನ್ 2025 |
| 5 ಜುಲೈ 2022 | 5 ಜುಲೈ 2022 | 5 ಜುಲೈ 2025, ಶನಿ | 7 ಜುಲೈ 2025 |
| 5 ಆಗಸ್ಟ್ 2022 | 5 ಆಗಸ್ಟ್ 2022 | 5 ಆಗಸ್ಟ್ 2025, ಮಂಗಳ | 5 ಆಗಸ್ಟ್ 2025 |
| 5 ಸೆಪ್ಟೆಂಬರ್ 2022 | 5 ಸೆಪ್ಟೆಂಬರ್ 2022 | 5 ಸೆಪ್ಟೆಂಬರ್ 2025, ಶುಕ್ರ | 5 ಸೆಪ್ಟೆಂಬರ್ 2025 |
| 5 ಅಕ್ಟೋಬರ್ 2022 | 6 ಅಕ್ಟೋಬರ್ 2022 | 6 ಅಕ್ಟೋಬರ್ 2025, ಸೋಮ | 6 ಅಕ್ಟೋಬರ್ 2025 |

ಮೂರನೆಯ ಮತ್ತು ನಾಲ್ಕನೆಯ ಕಾಲಂ ನಡುವಿನ ವ್ಯತ್ಯಾಸ ಗಮನಿಸಬೇಕು. ಶನಿವಾರ ಮೂರು ವರ್ಷ ತುಂಬಿದರೂ ಆ ದಿನ ಷೇರು ಫಂಡಿಗೆ ಬೆಲೆ ನಿಗದಿಯಾಗುವುದಿಲ್ಲ. ಅರ್ಜಿ ಹಾಕಿದರೂ ಸಿಗುವುದು ಸೋಮವಾರದ ಬೆಲೆ. ಮೂರು ವರ್ಷ ತುಂಬುವ ಅದೇ ದಿನ ಯೂನಿಟ್ ತೆರೆದುಕೊಂಡಿತೇ ಅಥವಾ ಮರುದಿನವೇ ಎಂಬ ತಕರಾರಿಗೆ ಎಡೆ ಬೇಡ ಎನ್ನುವವರು ಒಂದು ದಿನ ಬಿಟ್ಟು ಅರ್ಜಿ ಹಾಕುತ್ತಾರೆ. ಒಂದು ದಿನ ತಡವಾದರೆ ಬೆಲೆಯಲ್ಲಿ ಅಷ್ಟಿಷ್ಟು ಏರಿಳಿತ ಆಗಬಹುದು. ಒಂದು ದಿನ ಮೊದಲೇ ಹಾಕಿದರೆ ಅರ್ಜಿಯೇ ತಿರಸ್ಕಾರವಾಗುತ್ತದೆ.

ಹನ್ನೆರಡು ಕಂತಿಗೆ ಈ ಕೆಲಸವನ್ನು ಕಾಗದದ ಮೇಲೆ ಮಾಡಬಹುದು. ಐದಾರು ವರ್ಷದಿಂದ ಕಟ್ಟುತ್ತಿರುವವರಿಗೆ ಸ್ಪ್ರೆಡ್‌ಶೀಟ್ ಬೇಕು. ಎಕ್ಸೆಲ್‌ನಲ್ಲಾಗಲಿ ಗೂಗಲ್ ಶೀಟ್ಸ್‌ನಲ್ಲಾಗಲಿ A ಕಾಲಂನಲ್ಲಿ ಹಂಚಿಕೆ ದಿನ, B ಕಾಲಂನಲ್ಲಿ ಯೂನಿಟ್ ಬರೆದು, C ಕಾಲಂಗೆ ಮೊದಲ ಸೂತ್ರ, D ಕಾಲಂಗೆ ಎರಡನೆಯದು, ಬೇರೆ ಯಾವುದಾದರೂ ಖಾಲಿ ಚೌಕಕ್ಕೆ ಮೂರನೆಯದು ಹಾಕಿದರೆ ಸಾಕು.

```
=EDATE(A2,36)
=WORKDAY(C2-1,1)
=SUMIF(C2:C13,"<"&TODAY(),B2:B13)
```

ಮೊದಲನೆಯದು ಹಂಚಿಕೆ ದಿನಕ್ಕೆ 36 ತಿಂಗಳು ಕೂಡಿಸುತ್ತದೆ. ಎರಡನೆಯದು ಆ ದಿನ ಶನಿವಾರ ಅಥವಾ ಭಾನುವಾರವಾಗಿದ್ದರೆ ಸೋಮವಾರಕ್ಕೆ ಒಯ್ಯುತ್ತದೆ. ಷೇರುಪೇಟೆಯ ರಜಾದಿನಗಳನ್ನು ಒಂದು ಬದಿಗೆ ಬರೆದಿಟ್ಟು, ಆ ಚೌಕಗಳ ಹೆಸರನ್ನು ಸೂತ್ರದ ಮೂರನೆಯ ಅಂಶವಾಗಿ ಕೊಟ್ಟರೆ ಹಬ್ಬದ ರಜೆಗಳನ್ನೂ ದಾಟಿಸುತ್ತದೆ. ಮೂರನೆಯ ಸೂತ್ರ ನಿನ್ನೆಯವರೆಗೆ ಮೂರು ವರ್ಷ ತುಂಬಿದ ಯೂನಿಟ್‌ಗಳನ್ನಷ್ಟೇ ಕೂಡಿಸಿ ಹೇಳುತ್ತದೆ; ಒಂದು ದಿನದ ಎಚ್ಚರಿಕೆ ಅದರಲ್ಲೇ ಸೇರಿದೆ.

ಇಲ್ಲಿ ಮೂರು ತಪ್ಪು ಮತ್ತೆ ಮತ್ತೆ ಆಗುತ್ತವೆ. C ಕಾಲಂನಲ್ಲಿ ತಾರೀಖಿನ ಬದಲು 45752 ಎಂಬಂಥ ಸಂಖ್ಯೆ ಕಂಡರೆ ಗಾಬರಿ ಬೇಡ. ಸ್ಪ್ರೆಡ್‌ಶೀಟ್ ದಿನಗಳನ್ನು ಒಳಗೆ ಎಣಿಸಿಟ್ಟುಕೊಳ್ಳುವುದು ಹಾಗೆಯೇ. ಆ ಸಂಖ್ಯೆ 2025ರ ಏಪ್ರಿಲ್ 5. ಚೌಕದ ರೂಪವನ್ನು ತಾರೀಖು ಎಂದು ಬದಲಿಸಿದರೆ ಸರಿಹೋಗುತ್ತದೆ.

ಎರಡನೆಯ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಸ್ಪ್ರೆಡ್‌ಶೀಟ್‌ನ ಪ್ರದೇಶ ಅಮೆರಿಕ ಎಂದಿದ್ದರೆ 05/07/2022 ಎಂದು ಬರೆದದ್ದನ್ನು ಅದು ಮೇ 7 ಎಂದು ಓದುತ್ತದೆ, ಜುಲೈ 5 ಎಂದಲ್ಲ. ಉತ್ತರ ಬರುತ್ತದೆ, ಆದರೆ ಎರಡು ತಿಂಗಳು ತಪ್ಪಾಗಿ ಬರುತ್ತದೆ. 12ಕ್ಕಿಂತ ದೊಡ್ಡ ದಿನವಿರುವ ತಾರೀಖು, ಉದಾಹರಣೆಗೆ 15/07/2022, ಚೌಕದ ಎಡಬದಿಗೆ ಅಂಟಿಕೊಂಡು ನಿಂತರೆ ಅದೇ ಸುಳಿವು: ಸ್ಪ್ರೆಡ್‌ಶೀಟ್ ಅದನ್ನು ತಾರೀಖು ಎಂದು ಗುರುತಿಸದೆ ಬರೀ ಅಕ್ಷರ ಎಂದು ಭಾವಿಸಿದೆ. 05-Jul-2022 ಎಂದು ತಿಂಗಳ ಹೆಸರಿನೊಂದಿಗೆ ಬರೆದರೆ ಈ ತೊಂದರೆಯೇ ಇಲ್ಲ.

ಮೂರನೆಯದು 365ನ್ನು ಮೂರರಿಂದ ಗುಣಿಸಿ 1,095 ದಿನ ಕೂಡಿಸುವುದು. 2022ರ ಏಪ್ರಿಲ್ 5ಕ್ಕೆ 1,095 ದಿನ ಕೂಡಿಸಿದರೆ ಬರುವುದು 2025ರ ಏಪ್ರಿಲ್ 4. ನಡುವೆ 2024ರ ಫೆಬ್ರುವರಿ 29 ಇತ್ತಲ್ಲ, ಆ ಒಂದು ದಿನ ಲೆಕ್ಕದಿಂದ ಜಾರಿತು. 2025ರ ಮಾರ್ಚ್ ಮೊದಲ ದಿನದ ನಂತರ ಹಂಚಿಕೆಯಾದ ಕಂತುಗಳಿಗೂ 2028ರ ಫೆಬ್ರುವರಿ 29 ಅಡ್ಡ ಬರುತ್ತದೆ. ದಿನ ಕೂಡಿಸುವುದು ಬಿಟ್ಟು ತಿಂಗಳು ಕೂಡಿಸಿದರೆ ಈ ಎಡವಟ್ಟು ಆಗುವುದಿಲ್ಲ.

ತಾರೀಖು ಸಿಕ್ಕ ಮೇಲೆ ಹಣದ ಲೆಕ್ಕ ಸುಲಭ. ಶಿಕ್ಷಕಿಯ ಮೊದಲ ಮೂರು ಕಂತುಗಳ ಬೆಲೆ 62.50, 60 ಮತ್ತು 58.80 ರೂಪಾಯಿ ಇತ್ತು ಎಂದು ಊಹಿಸೋಣ. ಮುದ್ರಾಂಕ ಶುಲ್ಕ ಕಳೆದ 4,999.75 ರೂಪಾಯಿಗೆ ಸಿಕ್ಕ ಯೂನಿಟ್ ಕ್ರಮವಾಗಿ 79.996, 83.329 ಮತ್ತು 85.030, ಒಟ್ಟು 248.355. ಮೂರನೆಯ ಕಂತಿನ ಮೂರು ವರ್ಷ ತುಂಬಿದ್ದು ಜೂನ್ 6, ಶುಕ್ರವಾರ. ಒಂದು ದಿನ ಬಿಟ್ಟು ನೋಡಿದರೆ ಮುಂದಿನ ಕೆಲಸದ ದಿನ ಸೋಮವಾರ, ಜೂನ್ 9. ಅಂದು ಮಧ್ಯಾಹ್ನ 3 ಗಂಟೆಯೊಳಗೆ ಅರ್ಜಿ ಹಾಕಿ, ದಿನದ ಬೆಲೆ 92 ರೂಪಾಯಿ ಇದ್ದರೆ, ಕೈಗೆ ಬರುವುದು 22,848 ರೂಪಾಯಿ 66 ಪೈಸೆ. ಅದರಲ್ಲಿ ವಹಿವಾಟು ತೆರಿಗೆ 23 ಪೈಸೆ ಕಡಿತ. ಷೇರು ಫಂಡುಗಳ ಹಣ 2023ರ ಫೆಬ್ರುವರಿಯಿಂದ ಎರಡು ಕೆಲಸದ ದಿನದಲ್ಲಿ ಬರುತ್ತಿರುವುದರಿಂದ ಬುಧವಾರ ಜೂನ್ 11ಕ್ಕೆ ಖಾತೆಗೆ ಜಮೆ.

40,000 ಬೇಕಿದ್ದಲ್ಲಿ ಸಿಕ್ಕಿದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಬೆಲೆ ಹೆಚ್ಚುಕಡಿಮೆ ಹಾಗೆಯೇ ಉಳಿದರೆ ಒಂದೊಂದು ಕಂತು ಈಗ ಏಳು ಸಾವಿರದ ಮೇಲೆ ಬಾಳುತ್ತದೆ. 40,000 ತುಂಬಲು ಆರು ಕಂತು ಬೇಕು. ಆರನೆಯದು ಬಿಡುಗಡೆಯಾಗುವುದು ಸೆಪ್ಟೆಂಬರ್ 5ಕ್ಕೆ. ಈ ಪಟ್ಟಿ ಫೆಬ್ರುವರಿಯಲ್ಲೇ ಕೈಯಲ್ಲಿದ್ದಿದ್ದರೆ ಜೂನ್ ಶುಲ್ಕಕ್ಕೆ ಉಳಿದ ಹಣವನ್ನು ಬೇರೆ ಕಡೆಯಿಂದ ಹೊಂದಿಸಲು ನಾಲ್ಕು ತಿಂಗಳು ಸಿಗುತ್ತಿತ್ತು.

ಈ ಪಟ್ಟಿಯನ್ನು ಕೆಡಿಸುವ ಸಂಗತಿ ಇನ್ನೊಂದಿದೆ, ಅದು ಹಳೆಯ ಹೂಡಿಕೆ. ಒಂದೇ ಫೋಲಿಯೊದಲ್ಲಿ ಒಂದೇ ಫಂಡಿನ ಯೂನಿಟ್ ಮಾರುವಾಗ ಮೊದಲು ಕೊಂಡದ್ದು ಮೊದಲು ಹೋಗುತ್ತದೆ. ಇಂಥ ಕಂತಿನ ಯೂನಿಟ್ ಮಾರಿ ಎಂದು ಹೂಡಿಕೆದಾರರು ಹೇಳುವಂತಿಲ್ಲ. ಜೂನ್ 9ರಂದು ಶಿಕ್ಷಕಿ 100 ಯೂನಿಟ್ ಮಾತ್ರ ಮಾರಿದ್ದರೆ ಏಪ್ರಿಲ್ ಕಂತಿನ 79.996 ಪೂರ್ತಿ ಮುಗಿದು, ಉಳಿದ 20.004 ಮೇ ಕಂತಿನಿಂದ ಹೋಗುತ್ತಿತ್ತು. ಮುಂದಿನ ಸಲ ಲೆಕ್ಕ ಹಾಕುವಾಗ ಮೂರನೆಯ ಸೂತ್ರದ ಉತ್ತರದಿಂದ ಈಗಾಗಲೇ ಮಾರಿದ ಯೂನಿಟ್ ಕಳೆಯಬೇಕು. ಎರಡು ಫೋಲಿಯೊ ಇದ್ದವರು ಎರಡು ಪಟ್ಟಿ ಇಟ್ಟುಕೊಳ್ಳಬೇಕು. ಒಂದರಲ್ಲಿ ತೆರೆದ ಯೂನಿಟ್ ಇನ್ನೊಂದರ ಕೊರತೆ ತುಂಬುವುದಿಲ್ಲ.

ಏಜೆಂಟ್ ಮೂಲಕ ಕೊಂಡ ರೆಗ್ಯುಲರ್ ಪ್ಲಾನ್‌ನಿಂದ ಡೈರೆಕ್ಟ್ ಪ್ಲಾನ್‌ಗೆ ಬದಲಾಯಿಸುವವರೂ ಈ ತಾರೀಖುಗಳನ್ನು ನೋಡಿಕೊಂಡೇ ಹೆಜ್ಜೆ ಇಡಬೇಕು. ಫಂಡ್ ಅದೇ, ಷೇರುಗಳೂ ಅವೇ. ಆದರೂ ನಿಯಮದ ಪ್ರಕಾರ ಅದು ಒಂದು ಮಾರಾಟ, ಒಂದು ಹೊಸ ಖರೀದಿ. ಮೂರು ವರ್ಷ ತುಂಬದ ಯೂನಿಟ್ ಬದಲಾಗುವುದೇ ಇಲ್ಲ. ತುಂಬಿದ ಯೂನಿಟ್ ಬದಲಾದ ದಿನದಿಂದ ಮತ್ತೆ ಮೂರು ವರ್ಷ ಬೀಗದೊಳಗೆ ಹೋಗುತ್ತದೆ. ಹತ್ತಿರದಲ್ಲೇ ಹಣ ಬೇಕಿರುವವರಿಗೆ ಇದು ದುಬಾರಿ ಬದಲಾವಣೆ.

ಬೀಗ ಬೇಗ ತೆರೆಯುವ ಸಂದರ್ಭ ಒಂದೇ ಇದೆ. ಹೂಡಿಕೆದಾರರು ತೀರಿಕೊಂಡರೆ ನಾಮಿನಿ ಅಥವಾ ಕಾನೂನುಬದ್ಧ ವಾರಸುದಾರರು ಹಂಚಿಕೆಯಾಗಿ ಒಂದು ವರ್ಷ ತುಂಬಿದ ಯೂನಿಟ್ ಹಿಂಪಡೆಯಬಹುದು. ಅಲ್ಲಿಯೂ ಎಣಿಕೆ ಕಂತಿನಿಂದ ಕಂತಿಗೆ. ಸೂತ್ರದ 36ರ ಜಾಗದಲ್ಲಿ 12 ಹಾಕಿದರೆ ಆ ಕುಟುಂಬಕ್ಕೆ ಬೇಕಾದ ಪಟ್ಟಿ ಸಿದ್ಧ. ವೈದ್ಯಕೀಯ ತುರ್ತು, ಮದುವೆ, ಮನೆ ಕಟ್ಟುವುದು ಇವುಗಳಿಗೆ ವಿನಾಯಿತಿ ಇಲ್ಲ. ಬೀಗದೊಳಗಿರುವ ಯೂನಿಟ್ ಅಡ ಇಟ್ಟು ಸಾಲ ಪಡೆಯಲೂ ಆಗುವುದಿಲ್ಲ.

ಬಿಡುಗಡೆ ದಿನ ಬಂತು ಎಂದರೆ ಹಣ ತಾನಾಗಿ ಖಾತೆಗೆ ಬರುವುದೂ ಇಲ್ಲ. ಇದೂ ಆರ್‌ಡಿ ಅಭ್ಯಾಸ ಹುಟ್ಟಿಸಿದ ಭ್ರಮೆ. ಬೀಗ ತೆರೆದ ಯೂನಿಟ್ ಮಾರುವವರೆಗೆ ಫಂಡಿನಲ್ಲೇ ಇರುತ್ತದೆ, ಪೇಟೆಯ ಜೊತೆ ಏರುತ್ತದೆ, ಇಳಿಯುತ್ತದೆ. ಮಾರಿದಾಗ ಬಂದ ಲಾಭ ದೀರ್ಘಾವಧಿ ಬಂಡವಾಳ ಲಾಭ. 2024ರ ಜುಲೈ 23ರಿಂದ ಅದಕ್ಕೆ ಶೇ 12.5 ತೆರಿಗೆ, ಆದರೆ ಒಂದು ಆರ್ಥಿಕ ವರ್ಷದಲ್ಲಿ ಷೇರು ಮತ್ತು ಷೇರು ಫಂಡುಗಳ ಇಂಥ ಲಾಭದ ಮೊದಲ 1.25 ಲಕ್ಷಕ್ಕೆ ತೆರಿಗೆ ಇಲ್ಲ. ಶಿಕ್ಷಕಿಯ ಮೂರು ಕಂತಿನ ಲಾಭ 7,849 ರೂಪಾಯಿ. ಆ ವರ್ಷ ಅವರಿಗೆ ಬೇರೆ ದೊಡ್ಡ ಲಾಭ ಇಲ್ಲದಿದ್ದರೆ ತೆರಿಗೆ ಸೊನ್ನೆ.

ಗಣಿತದ ಮೇಷ್ಟ್ರು ಪೆನ್ಸಿಲ್‌ನಲ್ಲಿ ಬರೆದುಕೊಟ್ಟ ಪಟ್ಟಿಯ ಉಳಿದ ಐದು ಸಾಲು ಹೀಗಿವೆ: ನವೆಂಬರ್ 7, ಡಿಸೆಂಬರ್ 5, ಜನವರಿ 5, ಫೆಬ್ರುವರಿ 6, ಮಾರ್ಚ್ 6. ಎರಡನೆಯ ಸೆಮಿಸ್ಟರ್ ಶುಲ್ಕ ಡಿಸೆಂಬರ್ ಎರಡನೆಯ ವಾರ ಕಟ್ಟಬೇಕೆಂದು ಮಗಳು ಹೇಳಿದಾಗ ಶಿಕ್ಷಕಿ ಮೊದಲು ನೋಡಿದ್ದು ಆ ಹಾಳೆಯನ್ನು. ಡಿಸೆಂಬರ್ 5 ಶುಕ್ರವಾರ. ಅಲ್ಲಿಗೆ ಒಂಬತ್ತು ಕಂತು ತೆರೆದಿರುತ್ತವೆ, ಮೂರನ್ನು ಆಗಲೇ ತೆಗೆದಾಗಿದೆ, ಆರು ಉಳಿದಿವೆ. ಸೋಮವಾರ 8ಕ್ಕೆ ಅರ್ಜಿ, ಬುಧವಾರ 10ಕ್ಕೆ ಹಣ ಎಂದು ಅವರು ಹಾಳೆಯ ಅಂಚಿನಲ್ಲಿ ಬರೆದುಕೊಂಡರು.